‘ಎಂತ ಓದುವುದು?’ ಎಂದವರು ಪಾಯಸದ ಕಡೆ ಜಾರದಂತೆ ಉತ್ತರಿಸುವುದು ಹೇಗೆ

ಕಾಸರಗೋಡಿನ ಬದಿಯಡ್ಕದ ಕಡೆಯ ಒಂದು ಗೃಹಪ್ರವೇಶದ ಸಂಜೆ ಎಂದಿಟ್ಟುಕೊಳ್ಳಿ. ಅಂಗಳದಲ್ಲಿ ಶಾಮಿಯಾನ, ಎಲ್ಲರ ಕೈಯಲ್ಲೂ ತಟ್ಟೆ. ಅಂತರ್ಜಲದ ಬಗ್ಗೆ ಸಂಶೋಧನೆ ಮಾಡುವ ಹುಡುಗಿಯನ್ನು ನೆರೆಮನೆಯ ಮಾವ ಮಾತಾಡಿಸುತ್ತಾರೆ.

“ನೀನು ಈಗ ಎಂತ ಓದುವುದು ಮಾರಾಯ್ತಿ?”

“ಹೈಡ್ರೋಜಿಯಾಲಜಿಯಲ್ಲಿ ಪಿಎಚ್‌ಡಿ ಮಾವ. ಲ್ಯಾಟರೈಟ್ ಅಕ್ವಿಫರ್‌ಗಳ ರೀಚಾರ್ಜ್ ಡೈನಾಮಿಕ್ಸ್ ಮೇಲೆ.”

“ಹೌದಾ! ಒಳ್ಳೇದು, ಒಳ್ಳೇದು” ಎಂದು ಮಾವ ಪಾಯಸದ ಪಾತ್ರೆಯತ್ತ ನಡೆಯುತ್ತಾರೆ.

ತಮಾಷೆಯೆಂದರೆ, ಈ ಮಾವನ ಮನೆಗೆ ನೀರು ಬರುವುದೇ ಸುರಂಗದಿಂದ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ತೆಗೆದ ಆ ನೀರು ಏಪ್ರಿಲಿನಲ್ಲಿ ಯಾಕೆ ಸೊರಗುತ್ತದೆ ಎಂಬ ಚಿಂತೆ ಅವರಿಗೆ ವರ್ಷವರ್ಷವೂ ಇದೆ. ಹುಡುಗಿಯ ಸಂಶೋಧನೆಯೂ ಅದರ ಮೇಲೆಯೇ, ಅವಳ ಲ್ಯಾಟರೈಟ್ ಎಂದರೆ ಈ ಮುರಕಲ್ಲೇ. ಆದರೂ ಇಬ್ಬರೂ ಒಂದೇ ವಿಷಯದವರೆಂದು ಇಬ್ಬರಿಗೂ ತಿಳಿಯಲಿಲ್ಲ. ಇದನ್ನು ಸರಿಪಡಿಸುವ ಕ್ರಮ ಇಲ್ಲಿದೆ. ಉದಾಹರಣೆ ಅಂತರ್ಜಲದ್ದೇ ಇರಲಿ. ನಿಮ್ಮದು ಲೆಕ್ಕಪತ್ರವೋ ಔಷಧ ಶಾಸ್ತ್ರವೋ ಆಗಿದ್ದರೆ ಸಾಮಾನು ಬದಲಿಸಿಕೊಳ್ಳಿ.

ಮನೆಯಲ್ಲೇ ಮಾಡಿಕೊಳ್ಳಬೇಕಾದದ್ದು

ಒಂದು ಚೀಟಿಯಲ್ಲಿ ನಿಮ್ಮ ಪ್ರಬಂಧದ ಶೀರ್ಷಿಕೆ ಬರೆದು ಅದನ್ನು ಹರಿದು ಬಿಸಾಡಿ. ಶೀರ್ಷಿಕೆ ಇರುವುದು ಗೈಡ್‌ಗೆ, ನೆಂಟರಿಗಲ್ಲ. ಇಷ್ಟೇ.

ಮೊದಲ ವಾಕ್ಯ: ಕೈ ಏನು ಮಾಡುತ್ತದೆ?

ವಿಷಯದ ಹೆಸರು ಹೇಳಬೇಡಿ, ಕೆಲಸ ಹೇಳಿ. ಕೊನೆಯ ಸಲ ಕೆಲಸಕ್ಕೆ ಹೋದಾಗ ನಿಮ್ಮ ಕೈಯಲ್ಲಿ ಏನಿತ್ತು, ಎಲ್ಲಿ ನಿಂತಿದ್ದಿರಿ ಎಂಬಷ್ಟೇ ಸಾಕು. ಸುರಂಗದ ನೀರನ್ನು ಅಳೆಯುವ ವಿಧಾನ ಸರಳ. ಹತ್ತು ಲೀಟರಿನ ಬಕೆಟನ್ನು ನೀರು ಬೀಳುವಲ್ಲಿ ಹಿಡಿಯುವುದು, ತುಂಬಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಸ್ಟಾಪ್‌ವಾಚಿನಲ್ಲಿ ನೋಡುವುದು, ಮೂರು ಸಲ ಮಾಡಿ ಸರಾಸರಿ ತೆಗೆಯುವುದು. ಆದ್ದರಿಂದ ಮಾವನಿಗೆ ಸಿಗಬೇಕಾದ ಮೊದಲ ವಾಕ್ಯ ಇದು: “ನಾನು ಸುರಂಗದ ಬಾಯಿಯಲ್ಲಿ ಬಕೆಟ್ ಇಟ್ಟುಕೊಂಡು ಕೂತು, ಅದು ತುಂಬಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ಬರೆದಿಡುವುದು ಮಾವ.”

ಇದನ್ನು ಕೇಳಿ ಯಾರೂ ‘ಒಳ್ಳೇದು’ ಎಂದು ಹೊರಡುವುದಿಲ್ಲ. “ಅದಕ್ಕೆ ಪಿಎಚ್‌ಡಿ ಕೊಡ್ತಾರಾ?” ಎಂದು ಕೇಳುತ್ತಾರೆ. ಅವಮಾನವೆಂದುಕೊಳ್ಳಬೇಡಿ, ನಿಮಗೆ ಬೇಕಾದದ್ದು ಆ ಪ್ರಶ್ನೆಯೇ.

ಎರಡನೇ ವಾಕ್ಯ: ಇಲ್ಲೇ ಎಲ್ಲರೂ ಎಡವುವುದು

ಆ ಪ್ರಶ್ನೆ ಬಂದ ಕೂಡಲೇ ಓದಿದವರಿಗೆ ಉತ್ಸಾಹ ಉಕ್ಕುತ್ತದೆ. ಮಣ್ಣಿನ ಪದರ, ಮಳೆಯ ಪ್ರಮಾಣ, ಉಪಗ್ರಹದ ಚಿತ್ರ, ಕೊಳವೆಬಾವಿಯ ನೀತಿ ಎಲ್ಲವನ್ನೂ ಒಟ್ಟಿಗೆ ಸುರಿಯುತ್ತಾರೆ. ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಪ್ರಯೋಗವಿದೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ವಿದ್ಯಾರ್ಥಿನಿ, ಎಲ್ಲರಿಗೂ ಗೊತ್ತಿರುವ ಹಾಡುಗಳ ಲಯವನ್ನು ಕೆಲವರಿಂದ ಮೇಜಿನ ಮೇಲೆ ಬೆರಳಲ್ಲಿ ಬಡಿಸಿ, ಎದುರು ಕೂತವರು ಹಾಡನ್ನು ಊಹಿಸಬೇಕೆಂದಳು. ಬಡಿದವರು ಅರ್ಧದಷ್ಟು ಹಾಡುಗಳಾದರೂ ಗೊತ್ತಾಗುತ್ತವೆ ಅಂದುಕೊಂಡಿದ್ದರು. 120 ಹಾಡುಗಳಲ್ಲಿ ಗೊತ್ತಾದದ್ದು ಮೂರು. ಬಡಿಯುವವರ ತಲೆಯೊಳಗೆ ಇಡೀ ಹಾಡು ನಡೆಯುತ್ತಿರುತ್ತದೆ, ಕೇಳುವವರಿಗೆ ಸಿಗುವುದು ಟಕ್ ಟಕ್ ಸದ್ದು ಮಾತ್ರ. ಮಳೆನೀರು ನೆಲಕ್ಕಿಳಿದು ಅಂತರ್ಜಲ ತುಂಬುವುದನ್ನು ಹೇಳುವ ‘ರೀಚಾರ್ಜ್’ ಎಂಬ ಪದ ಹುಡುಗಿಗೆ ಇಡೀ ಹಾಡು. ಮಾವನಿಗೆ ಅದು ಮೊಬೈಲ್ ಅಂಗಡಿಯಲ್ಲಿ ಮಾಡಿಸುವ ಕೆಲಸ.

ಹಾಗಾಗಿ ಎರಡನೇ ವಾಕ್ಯದಲ್ಲಿ ಉತ್ತರ ಬೇಡ, ಒಗಟು ಬೇಕು. ನಿಮ್ಮ ಕ್ಷೇತ್ರಕ್ಕೂ ಕೇಳುವವರ ಹಿತ್ತಿಲಿಗೂ ಸಾಮಾನ್ಯವಾದ ಒಂದೇ ಒಂದು ಒಗಟು. ಅದನ್ನು ಹುಡುಕಲು ಮೊದಲು ಅವರಿಂದ ಒಂದು ಸಂಗತಿ ಕೇಳಿ ತಿಳಿದುಕೊಳ್ಳಿ: “ನಿಮ್ಮ ಸುರಂಗ ಎಷ್ಟು ಕೋಲು ಉಂಟು ಮಾವ?” ಕೋಲು ಎಂದರೆ ಸುಮಾರು ಎರಡೂವರೆ ಅಡಿ, ನಮ್ಮ ಕಡೆ ಬಾವಿ, ಸುರಂಗಗಳ ಅಳತೆ ಇದರಲ್ಲೇ. ಮೀಟರಿನಲ್ಲಿ ಕೇಳಿದರೆ ಮಾವ ಲೆಕ್ಕ ಹಾಕಲು ಹೊರಡುತ್ತಾರೆ, ಮಾತು ಅಲ್ಲೇ ಮುಗಿಯುತ್ತದೆ. “ಎಂಬತ್ತು ಕೋಲು” ಎಂದರೆನ್ನಿ. ಆಗ ಒಗಟು ಇಡಿ:

“ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಹರಿದುಹೋಗದೆ ನಿಂತರೆ ಹನ್ನೊಂದು ಅಡಿ ನೀರು, ತಾರಸಿ ಮುಟ್ಟುತ್ತದೆ. ಅಷ್ಟು ಬಿದ್ದೂ ಏಪ್ರಿಲಿನಲ್ಲಿ ನಿಮ್ಮ ಸುರಂಗ ಸೊರಗುವುದು ಯಾಕೆ?”

ಇಲ್ಲಿ ಸಂಖ್ಯೆ ಬಳಸಿದ ಬಗೆ ನೋಡಿ. ಕಾಸರಗೋಡಿನ ವಾರ್ಷಿಕ ಮಳೆ ಸುಮಾರು 3,500 ಮಿಲಿಮೀಟರ್. ಆ ಅಂಕಿ ಕಿವಿಗೆ ಬಿದ್ದು ಹೊರಗೆ ಹೋಗುತ್ತದೆ. 305ರಿಂದ ಭಾಗಿಸಿ ಅಡಿಗೆ ತಂದರೆ ಹನ್ನೊಂದೂವರೆ; ಆಗ ಕೇಳಿದವರು ತಲೆಯೆತ್ತಿ ತಾರಸಿಯನ್ನೇ ನೋಡುತ್ತಾರೆ. ಮನೆಯವರು ಎದುರಿದ್ದರೆ ಅವರ ಹೊಸ ಮನೆಯನ್ನೇ ಬಳಸಬಹುದು: ಸಾವಿರ ಚದರಡಿ ಮಾಡಿನ ಮೇಲೆ ಒಂದು ವರ್ಷದಲ್ಲಿ ಸುಮಾರು ಮೂರೂಕಾಲು ಲಕ್ಷ ಲೀಟರ್ ಬೀಳುತ್ತದೆ, ಅಂದರೆ ಸಾವಿರ ಲೀಟರಿನ ಕಪ್ಪು ಟ್ಯಾಂಕಿ 325. ಆದರೆ ಎರಡರಲ್ಲಿ ಒಂದನ್ನೇ ಹೇಳಿ. ಒಂದು ಸಂಜೆಗೆ, ಒಬ್ಬರಿಗೆ, ಒಂದು ಸಂಖ್ಯೆ. ಈ ವಿಷಯದಲ್ಲಿ ರಾಜಿ ಬೇಡ.

ಒಗಟಿಟ್ಟ ಮೇಲೆ ಸುಮ್ಮನಿರಿ. ಓದಿದವರಿಗೆ ಇದು ಕಷ್ಟ. ಮಾವ ಏನಾದರೂ ಹೇಳಲಿ: “ಕಾಡು ಕಡಿದದ್ದು”, “ಮೇಲೆ ಬೋರ್‌ವೆಲ್ ತೆಗೆದದ್ದು”. ತಪ್ಪೋ ಸರಿಯೋ, ಊಹೆ ಅವರ ಬಾಯಿಂದ ಬಂದ ಮೇಲೆ ನಿಮ್ಮ ಉತ್ತರ ಕೇಳದೆ ಅವರು ಅಲ್ಲಿಂದ ಕದಲುವುದಿಲ್ಲ.

ಹೋಲಿಕೆ ತಟ್ಟೆಯಲ್ಲೇ ಇದೆ

ಅಂತರ್ಜಲಕ್ಕೆ ಸಿದ್ಧ ಹೋಲಿಕೆ ಸ್ಪಂಜು. ಅದನ್ನು ಬಿಡಿ. ಸ್ಪಂಜು ಎಂದರೆ ಜನ ಹಿಂಡುವುದನ್ನು ನೆನೆಯುತ್ತಾರೆ, ಗುಡ್ಡವನ್ನು ಯಾರೂ ಹಿಂಡುವುದಿಲ್ಲ. ‘ಭೂಮಿಯೊಳಗಿನ ನದಿ’ ಇನ್ನೂ ಕೆಟ್ಟದ್ದು. ಒಮ್ಮೆ ತಲೆಗೆ ಹೊಕ್ಕಿತೆಂದರೆ ಹೊರಬರುವುದಿಲ್ಲ.

ನೀರುದೋಸೆ ಒಳ್ಳೆಯದು. ನಾಲ್ಕು ದೋಸೆಗಳನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಇಟ್ಟು ಮೇಲಿನಿಂದ ಕಾಯಿಹಾಲು ಹುಯ್ಯಿರಿ. ತೂತುಗಳ ಮೂಲಕ ಹಾಲು ಕೆಳಗಿಳಿಯುತ್ತದೆ, ತಟ್ಟೆ ಸಿಕ್ಕಿದಲ್ಲಿ ನಿಲ್ಲುತ್ತದೆ, ಬದಿಯಿಂದ ಜಿನುಗುತ್ತದೆ. ತೂತು ತೂತಿನ ದೋಸೆಯೇ ಮುರಕಲ್ಲು. ತಟ್ಟೆಯೆಂದರೆ ಅದರ ಅಡಿಯಲ್ಲಿರುವ ಶೇಡಿಮಣ್ಣು, ನೀರನ್ನು ಸುಲಭವಾಗಿ ಕೆಳಗೆ ಬಿಡದ ಆ ಬಿಳಿ-ಗುಲಾಬಿ ಜೇಡಿ. ಬದಿಯಿಂದ ಜಿನುಗುವ ಜಾಗವನ್ನು ಹುಡುಕಿ ಗುಡ್ಡದೊಳಗೆ ಪಿಕ್ಕಾಸಿನಲ್ಲಿ ಕೊರೆದದ್ದೇ ಸುರಂಗ. ಒಳಮುಖವಾಗಿ ಸ್ವಲ್ಪ ಏರುವಂತೆ ಕೊರೆದಿರುವುದರಿಂದ ಪಂಪಿಲ್ಲದೆ ನೀರು ಬರುತ್ತದೆ. ಈಗ ಏಪ್ರಿಲಿನ ಉತ್ತರ ತಾನಾಗಿ ಸಿಗುತ್ತದೆ: ದೋಸೆ ಹಾಲನ್ನು ಬೇಗ ಕುಡಿಯುತ್ತದೆ, ಬೇಗ ಬಿಡುತ್ತದೆ ಕೂಡ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ, ಆಮೇಲೆ ಹುಯ್ಯುವವರಿಲ್ಲ, ಬದಿಯಿಂದ ಸೋರುವುದು ಮಾತ್ರ ನಿಂತಿಲ್ಲ.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನು ನೀವೇ ಹೇಳಿಬಿಡಿ. ತಟ್ಟೆ ಸಮತಟ್ಟು, ಶೇಡಿಯ ಮೇಲ್ಮೈ ಏರುತಗ್ಗು. ಆದ್ದರಿಂದಲೇ ಒಂದೇ ಗುಡ್ಡದಲ್ಲಿ ಒಂದು ಸುರಂಗಕ್ಕೆ ಮೇ ತಿಂಗಳಲ್ಲೂ ನೀರು, ಇನ್ನೊಂದಕ್ಕೆ ಫೆಬ್ರವರಿಯಲ್ಲೇ ಬರ. ನಿಮ್ಮ ಸಂಶೋಧನೆ ಶುರುವಾಗುವುದು ಹೋಲಿಕೆ ಮುರಿದ ಈ ಜಾಗದಿಂದ, ಬಕೆಟಿಗೆ ಅರ್ಥ ಬರುವುದೂ ಇಲ್ಲೇ. ಅಕ್ಟೋಬರಿನಲ್ಲಿ ನಲವತ್ತು ಸೆಕೆಂಡಿಗೆ ತುಂಬಿದ ಬಕೆಟಿಗೆ ಏಪ್ರಿಲಿನಲ್ಲಿ ನಾಲ್ಕು ನಿಮಿಷ ಬೇಕಾದರೆ ನೀರು ಆರನೇ ಒಂದಕ್ಕೆ ಇಳಿಯಿತು. ಯಾವ ಸುರಂಗದಲ್ಲಿ ಈ ಇಳಿತ ನಿಧಾನ, ಯಾಕೆ ನಿಧಾನ ಎಂಬುದೇ ಪಿಎಚ್‌ಡಿ. ಮಾವನ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟಂತಾಯಿತು.

ಪದಗಳು

ನಮ್ಮ ಕಡೆಯ ಪಂಕ್ತಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ ಎಲ್ಲ ಇರುತ್ತವೆ. ಒಬ್ಬರಿಗೆ ಮುರಕಲ್ಲು, ಇನ್ನೊಬ್ಬರಿಗೆ ಚೆಂಗಲ್ಲು. ಕೇಳುವವರ ಬಾಯಿಂದ ಮೊದಲು ಬಂದ ಪದವನ್ನೇ ಕೊನೆಯವರೆಗೂ ಹಿಡಿದುಕೊಳ್ಳಿ. ಮಧ್ಯೆ ‘ಅಂದರೆ ಲ್ಯಾಟರೈಟ್’ ಎಂದು ತಿದ್ದಬೇಡಿ. ಆ ಹೆಸರಿಗೊಂದು ಒಳ್ಳೆಯ ಕಥೆಯಿದೆ ನಿಜ: ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಕಲ್ಲಿಗೆ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಕೊಟ್ಟದ್ದು. ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಕಲ್ಲು ಅದು. ಇದನ್ನು ಮುಂದಿನ ಸಮಾರಂಭಕ್ಕೆ ಇಟ್ಟುಕೊಳ್ಳಿ.

‘ಸಿಂಪಲ್ಲಾಗಿ ಹೇಳುವುದಾದರೆ’ ಎಂಬುದನ್ನೂ ಬಿಡಿ; ಎದುರಿನವರಿಗೆ ತಾನು ದಡ್ಡ ಎಂದು ಕೇಳಿಸುತ್ತದೆ. ‘ಗೊತ್ತಾಯ್ತಾ?’ ಎಂದು ಕೇಳಿದರೆ ಮರ್ಯಾದೆಗೆ ಎಲ್ಲರೂ ಹೂಂ ಎನ್ನುತ್ತಾರೆ. ಗೊತ್ತಾಗಿದೆಯೋ ಎಂದು ತಿಳಿಯಲು ಬೇರೆ ಗುರುತಿದೆ: ಅವರು ನಿಮ್ಮ ವಿಷಯಕ್ಕೆ ತಮ್ಮದೊಂದನ್ನು ಸೇರಿಸುತ್ತಾರೆ. “ನಮ್ಮ ತೋಟದ ಆಚೆ ಬದಿಯಲ್ಲಿ ಒಂದು ಮದಕ ಉಂಟು...” ಎಂದು ಮಾವ ಶುರುಮಾಡಿದರೆ ಮುಟ್ಟಿತು ಎಂದರ್ಥ, ಬಾಯಿ ಮುಚ್ಚಿ ಕೇಳಿ. ಬರೀ “ಓ, ಹೌದಾ” ಎರಡು ಸಲ ಬಂದರೆ ಅಲ್ಲಿಗೇ ನಿಲ್ಲಿಸಿ ಮನೆಯ ಟೈಲ್ಸ್ ಬಗ್ಗೆ ಮಾತಾಡಿ.

ಮೊಬೈಲ್ ತೆಗೆದು ಗ್ರಾಫ್ ತೋರಿಸುವ ಅಡ್ಡದಾರಿ ಹಿಡಿಯಬೇಡಿ. ಪುಟ್ಟ ಪರದೆಗೆ ಕನ್ನಡಕ ಹುಡುಕಬೇಕು, ಅಷ್ಟರಲ್ಲಿ ವಾಟ್ಸ್ಆ್ಯಪ್ ಸಂದೇಶವೊಂದು ಮೇಲಿನಿಂದ ಇಳಿಯುತ್ತದೆ. ಉರುಹೊಡೆದ ಮೂವತ್ತು ಸೆಕೆಂಡಿನ ಭಾಷಣವೂ ಬೇಡ, ಅದು ಕೇಳಿಸುವುದು ಇನ್ಶೂರೆನ್ಸ್ ಏಜೆಂಟರ ಮಾತಿನಂತೆ.

ಬಂದೇ ಬರುವ ಎರಡು ಪ್ರಶ್ನೆಗಳು

“ಇದರಲ್ಲಿ ಕೆಲಸ ಸಿಗ್ತದಾ?” ಎಂಬುದಕ್ಕೆ ಒಂದೇ ವಾಕ್ಯ: ಕೇಂದ್ರ ಅಂತರ್ಜಲ ಮಂಡಳಿ ಉಂಟು, ರಾಜ್ಯದ ಭೂಜಲ ಇಲಾಖೆ ಉಂಟು. ಸಂಬಳಕ್ಕೆ ಇಳಿಯಬೇಡಿ.

ಎರಡನೆಯದು ಕಠಿಣ. “ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನೀರು ನೋಡ್ತಾರಲ್ಲ, ಅದು ಸರಿಯಾ?” ಆ ಮನೆಯ ಬಾವಿಯ ಜಾಗ ಹಾಗೇ ಗುರುತಾಗಿರಬಹುದು, ಗುರುತಿಸಿದವರು ಎರಡು ಕುರ್ಚಿ ಆಚೆ ಊಟ ಮಾಡುತ್ತಿರಲೂಬಹುದು. ‘ಮೂಢನಂಬಿಕೆ’ ಎಂದಿರೋ, ನೀರುದೋಸೆಯೂ ವ್ಯರ್ಥ. ದೋಸೆಗೇ ಮರಳಿ: “ಹಾಲು ಹುಯ್ದ ದೋಸೆಗೆ ಎಲ್ಲಿ ಕಡ್ಡಿ ಚುಚ್ಚಿದರೂ ತುದಿ ಒದ್ದೆಯಾಗ್ತದೆ ಮಾವ. ನಮ್ಮ ಮುರಕಲ್ಲಿನಲ್ಲಿ ಹೆಚ್ಚಿನ ಕಡೆ ಬಾವಿ ತೋಡಿದರೆ ಸ್ವಲ್ಪವಾದರೂ ನೀರು ಕಾಣ್ತದೆ. ನೋಡಬೇಕಾದ್ದು ಅದು ಏಪ್ರಿಲಿನವರೆಗೆ ನಿಲ್ತದಾ ಅಂತ.” ಸುಳ್ಳು ಹೇಳಿದಂತಾಗಲಿಲ್ಲ, ಯಾರ ತಟ್ಟೆಗೂ ಕೈಹಾಕಿದಂತಾಗಲಿಲ್ಲ.

ಮಾವ ಬಹುಶಃ “ಹಾಗಾದರೆ ನಮ್ಮ ಸುರಂಗವನ್ನೂ ಒಮ್ಮೆ ಅಳೆದು ಕೊಡು” ಎನ್ನುತ್ತಾರೆ. ಒಪ್ಪುವುದಾದರೆ ದಿನ ಅಲ್ಲೇ ಗೊತ್ತು ಮಾಡಿ, ಬಕೆಟ್ ಅವರದೇ ಇರಲಿ ಎನ್ನಿ.