ಗುತ್ತಿಗೆ ಹೊಲದ ಮಣ್ಣಿಗೆ ಒಂದು ವರ್ಷದ ಆರೈಕೆ

ತುಮಕೂರು ಕಡೆಯ ಎರಡು ಎಕರೆ ಕೆಂಪು ಮಣ್ಣಿನ ಖುಷ್ಕಿ ಹೊಲ. ವರ್ಷಗಟ್ಟಲೆ ಕೊಟ್ಟಿಗೆ ಗೊಬ್ಬರ ಕಂಡಿಲ್ಲ, ಮಳೆ ಹೊಯ್ದು ನಿಂತರೆ ಹಕ್ಕಳೆ ಕಟ್ಟುತ್ತದೆ. ಯುಗಾದಿಗೆ ಗುತ್ತಿಗೆ ಹಿಡಿದಿದ್ದೀರಿ, ಕರಾರು ಬಾಯಿಮಾತಿನದು, ಮುಂದಿನ ಯುಗಾದಿಗೆ ಬಿಡಿಸಿದರೂ ಬಿಡಿಸಿಯಾರು. ಹಾಗಾಗಿ ಕೆರೆ ಗೋಡು ಹೊಡೆಸುವುದು, ಬದು ಹಾಕಿಸುವುದು ಈ ವರ್ಷ ಬೇಡ. ಹಾಕಿದ ದುಡ್ಡು ಇದೇ ಬೆಳೆಯಲ್ಲಿ ವಾಪಸಾಗುವ ಕೆಲಸ ಮಾತ್ರ ಮಾಡಿ.

ಏಪ್ರಿಲ್‌ನಲ್ಲಿ ಒಂದು ಒಣ ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಎರಡು ಮೂರು ನಿಮಿಷದಲ್ಲೇ ಕರಗಿ ಕುಸಿದರೆ ಮಣ್ಣಿಗೆ ಅಂಟು ಉಳಿದಿಲ್ಲ. ಅದನ್ನು ಫೋಟೊ ತೆಗೆದಿಡಿ. ಕುರಿ ಮಂದೆ ನಿಲ್ಲಿಸುವುದೂ ಈಗಲೇ. ಹಲವರು ಸುಗ್ಗಿ ಮುಗಿದ ಮೇಲೆ ಫೆಬ್ರವರಿಯಲ್ಲಿ ನಿಲ್ಲಿಸುತ್ತಾರೆ. ಗುತ್ತಿಗೆ ಮುಂದುವರಿಯದಿದ್ದರೆ ಆ ಗೊಬ್ಬರ ಇನ್ನೊಬ್ಬರ ಪಾಲು. ದಿನಾ ರಾತ್ರಿ ಮಂದೆಯ ಜಾಗ ಬದಲಿಸಿ, ಬೆಳಿಗ್ಗೆಯೇ ಇಳಿಜಾರಿಗೆ ಅಡ್ಡಲಾಗಿ ತೆಳುವಾಗಿ ಉಳುಮೆ ಮಾಡಿ. ಬಿಸಿಲಿಗೆ ಬಿಟ್ಟರೆ ಗಂಜಳದ ಸಾರಜನಕ ಗಾಳಿಗೆ ಹೋಗುತ್ತದೆ.

ಮೇ ತಿಂಗಳ ಹದ ಮಳೆಗೆ ಎಕರೆಗೆ ಸುಮಾರು 15 ಕೆ.ಜಿ. ಅಪ್ಸೆಣಬಿನ ಬೀಜ ಚೆಲ್ಲಿ. ಹೂ ಬರುವ ಹೊತ್ತಿಗೆ ಹಸಿರಾಗಿಯೇ ಉತ್ತು ಮಣ್ಣಿಗೆ ಸೇರಿಸುವ ಗೊಬ್ಬರದ ಬೆಳೆ ಅದು. ಇಡೀ ವರ್ಷದ ಜೀವಾಳ ಇದೇ.

ಜೂನ್ ಕೊನೆ, ಜುಲೈ ಮೊದಲ ವಾರದ ಹೊತ್ತಿಗೆ, ಅಂದರೆ 40–45 ದಿನಕ್ಕೆ, ಹೂ ಇಣುಕುತ್ತದೆ. ಕ್ಯಾಲೆಂಡರ್‌ಗಿಂತ ಕಾಂಡವನ್ನು ನಂಬಿ: ಮುರಿದಾಗ ಲಟಕ್ಕೆಂದರೆ ಸರಿ, ನಾರು ಸುಲಿದುಕೊಂಡು ಬಂದರೆ ತಡವಾಗಿದೆ. ಬಲಿತ ಕಾಂಡವನ್ನು ಮಣ್ಣಿಗೆ ಸೇರಿಸಿದರೆ ಅದು ಕೊಳೆಯಲು ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆಯುತ್ತದೆ, ಹಿಂದೆ ಬಂದ ರಾಗಿ ಹಳದಿಯಾಗುತ್ತದೆ. ಮಣ್ಣಲ್ಲಿ ಹಸಿ ಇಲ್ಲದಿದ್ದರೆ ಉಳಬೇಡಿ. ಕೊಯ್ದು ಹೊಲದ ಮೇಲೇ ಹಾಸಿ, ಮಳೆ ಬಂದಾಗ ಸೇರಿಸಿ. ಒಣ ಮಣ್ಣಲ್ಲಿ ಹುಗಿದರೆ ಗೆದ್ದಲಿಗೆ ಹಬ್ಬ.

ಸೇರಿಸಿ ಎರಡು ವಾರ ಕಳೆದ ಮೇಲೆ, ಜುಲೈ ಕೊನೆಗೆ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಕ್ಕಡಿ ಬಿತ್ತಿ. ತಡವಾಯಿತೆಂದರೆ ಜಿಪಿಯು-28ರಂಥ ಮಧ್ಯಮಾವಧಿ ತಳಿ ಸಾಕು. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕುಂಟೆ ಹೊಡೆದು ಹಕ್ಕಳೆ ಒಡೆಯಿರಿ, ಬೀಜ ಕಟ್ಟದ ಕಳೆ ಸಾಲಿನಲ್ಲೇ ಬಿದ್ದಿರಲಿ. ಅಕ್ಟೋಬರ್‌ನಲ್ಲಿ ಹೆಚ್ಚೇನೂ ಕೆಲಸವಿಲ್ಲ.

ನವೆಂಬರ್‌ನಲ್ಲಿ ರಾಗಿ ಹುಲ್ಲು ದನಕ್ಕೆ ಹೋಗಲಿ, ಕೂಳೆ ಮಾತ್ರ ಕೀಳಬೇಡಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ಎಲೆ ಉದುರಿ ನೆಲ ಮುಚ್ಚುತ್ತದೆ. ಫೆಬ್ರವರಿಯಲ್ಲಿ ಹೊಲ ‘ಚೊಕ್ಕಟ’ ಮಾಡಲು ಬೆಂಕಿ ಇಡುವವರನ್ನು ತಡೆಯುವುದೇ ದೊಡ್ಡ ಕೆಲಸ.

ಮಾರ್ಚ್‌ನಲ್ಲಿ ಮತ್ತೆ ಲೋಟದ ಪರೀಕ್ಷೆ. ಪ್ರಯೋಗಾಲಯದ ವರದಿಯಲ್ಲಿ ಸಾವಯವ ಇಂಗಾಲದ ಅಂಕಿ ಒಂದು ವರ್ಷಕ್ಕೆ ಅಷ್ಟೇನೂ ಕದಲದು, ಆದರೆ ಹೆಂಟೆ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲಬೇಕು. ನಿಂತರೆ ಹಳೇ ಫೋಟೊ, ಹೊಸ ಲೋಟ ಎರಡನ್ನೂ ಹೊಲದ ಯಜಮಾನರ ಮುಂದಿಟ್ಟು ಮೂರು ವರ್ಷದ ಮಾತು ಕೇಳಿ. ಅವರು ಒಪ್ಪಿದ ಮೇಲೆ ಕೆರೆ ಗೋಡಿನ ಟ್ರ್ಯಾಕ್ಟರ್‌ಗೆ ಹೇಳಿ, ಬಾಡಿಗೆಯಲ್ಲಿ ಅರ್ಧ ಅವರದು.