ತುಂಡು ಮಾಡಿ ಕಳಿಸಿದರೆ ಫೋಟೊ ಬೇಗ ತಲುಪುತ್ತದೆ: ಲೆಕ್ಕ ಹಾಕುವುದು ಹೇಗೆ?

ದಾವಣಗೆರೆಯ ಒಂದು ಸ್ಟುಡಿಯೊದಿಂದ ಮದುವೆ ಫೋಟೊವೊಂದು ಬೆಂಗಳೂರಿನ ಆಲ್ಬಂ ಪ್ರಿಂಟ್ ಮಾಡುವ ಲ್ಯಾಬಿಗೆ ಹೋಗಬೇಕು ಎಂದುಕೊಳ್ಳಿ. ಫೈಲಿನ ಗಾತ್ರ 15 ಲಕ್ಷ ಬೈಟ್. ಒಂದು ಬೈಟಿಗೆ 8 ಬಿಟ್, ಹಾಗಾಗಿ 1.2 ಕೋಟಿ ಬಿಟ್. ದಾರಿಯನ್ನು ಲೆಕ್ಕಕ್ಕಾಗಿ ನಾವೇ ಹಾಕಿಕೊಳ್ಳೋಣ: ಚಿತ್ರದುರ್ಗ, ಹಿರಿಯೂರು, ತುಮಕೂರು, ಮೂರು ಕಡೆ ಒಂದೊಂದು ರೂಟರ್. ಒಟ್ಟು ನಾಲ್ಕು ಲಿಂಕ್. ಪ್ರತಿ ಲಿಂಕಿನಲ್ಲೂ ಸೆಕೆಂಡಿಗೆ 40 ಲಕ್ಷ ಬಿಟ್ ಹೋಗುತ್ತದೆ.

ಮೊದಲು ರೂಟರಿನ ಸ್ವಭಾವ ತಿಳಿದಿರಬೇಕು. ಅದು ಬರುತ್ತಿರುವ ಬಿಟ್‌ಗಳನ್ನು ಹಾಗೇ ಮುಂದಕ್ಕೆ ದಾಟಿಸುವುದಿಲ್ಲ. ಕೊನೆಯ ಬಿಟ್ ಬರುವ ತನಕ ಎಲ್ಲವನ್ನೂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಬಂದದ್ದು ಸರಿಯಾಗಿದೆಯೇ ಎಂದು ನೋಡಲು ಬೇಕಾದ ಚೆಕ್ ಸಂಖ್ಯೆ ಸಾಮಾನ್ಯವಾಗಿ ಕೊನೆಯಲ್ಲೇ ಇರುತ್ತದೆ. ಅದು ಸಿಕ್ಕ ಮೇಲೆ ವಿಳಾಸ ನೋಡಿ ಮುಂದಿನ ಲಿಂಕಿಗೆ ಬಿಡುತ್ತದೆ. ಇದಕ್ಕೆ ಸ್ಟೋರ್ ಅಂಡ್ ಫಾರ್ವರ್ಡ್ ಎನ್ನುತ್ತಾರೆ.

ಈಗ ಫೋಟೊವನ್ನು ಇಡಿಯಾಗಿ ಕಳಿಸೋಣ. 1.2 ಕೋಟಿಯನ್ನು 40 ಲಕ್ಷದಿಂದ ಭಾಗಿಸಿದರೆ ಒಂದು ಲಿಂಕ್ ದಾಟಲು 3 ಸೆಕೆಂಡ್. ನಾಲ್ಕು ಲಿಂಕಿಗೆ 12 ಸೆಕೆಂಡ್. ಇದರಲ್ಲಿ ಬೇಸರದ ಸಂಗತಿ ಏನೆಂದರೆ, ಯಾವ ಕ್ಷಣದಲ್ಲಿ ನೋಡಿದರೂ ಒಂದೇ ಲಿಂಕ್ ಕೆಲಸ ಮಾಡುತ್ತಿರುತ್ತದೆ. ಉಳಿದ ಮೂರೂ ಸುಮ್ನೆ ಖಾಲಿ.

ಅದೇ ಫೋಟೊವನ್ನು 1,500 ಬೈಟಿನ 1,000 ಪ್ಯಾಕೆಟ್ ಮಾಡಿ. ಒಂದು ಪ್ಯಾಕೆಟ್ 12,000 ಬಿಟ್, ಒಂದು ಲಿಂಕ್ ದಾಟಲು 3 ಮಿಲಿಸೆಕೆಂಡ್ ಸಾಕು. 3ನೇ ಮಿಲಿಸೆಕೆಂಡಿಗೆ ಮೊದಲ ಪ್ಯಾಕೆಟ್ ಚಿತ್ರದುರ್ಗದಲ್ಲಿ. 6ನೇ ಮಿಲಿಸೆಕೆಂಡಿಗೆ ಅದು ಹಿರಿಯೂರು ಸೇರುವಷ್ಟರಲ್ಲಿ ಎರಡನೆಯದು ಚಿತ್ರದುರ್ಗಕ್ಕೆ ಬಂದಿರುತ್ತದೆ. 12ನೇ ಮಿಲಿಸೆಕೆಂಡಿಗೆ ಮೊದಲನೆಯದು ಬೆಂಗಳೂರಿನಲ್ಲಿ. ಅಲ್ಲಿಂದಾಚೆ ಪ್ರತಿ 3 ಮಿಲಿಸೆಕೆಂಡಿಗೆ ಒಂದೊಂದು ಬಂದು ಸೇರುತ್ತದೆ. ಉಳಿದ 999ಕ್ಕೆ 2,997 ಮಿಲಿಸೆಕೆಂಡ್. ಅದಕ್ಕೆ 12 ಕೂಡಿಸಿ: 3,009. ಅಂದರೆ 3 ಸೆಕೆಂಡಿಗಿಂತ ಚೂರು ಜಾಸ್ತಿ ಅಷ್ಟೇ!

ಯಾವ ಲಿಂಕಿನ ವೇಗವೂ ಹೆಚ್ಚಾಗಿಲ್ಲ, ನಾಲ್ಕೂ ಏಕಕಾಲಕ್ಕೆ ದುಡಿದವು, ಅಲ್ವಾ? ಸೂತ್ರ ಇಷ್ಟೇ:

```
T = (N + H - 1) × t
```

N ಪ್ಯಾಕೆಟ್‌ಗಳ ಸಂಖ್ಯೆ, H ಲಿಂಕ್‌ಗಳ ಸಂಖ್ಯೆ, t ಒಂದು ಪ್ಯಾಕೆಟ್ ಒಂದು ಲಿಂಕಿಗೆ ಹೊರಡಲು ಹಿಡಿಯುವ ಸಮಯ. ಒಂದೇ ಲಿಂಕ್ ಇದ್ದರೆ ತುಂಡು ಮಾಡಿಯೂ ಸಮಯ ಉಳಿಯುವುದಿಲ್ಲ ಎಂಬುದು ಇದರಲ್ಲೇ ಕಾಣುತ್ತದೆ. ತಂತಿಯೊಳಗಿನ ಪ್ರಯಾಣದ ಸಮಯವನ್ನು ಇಲ್ಲಿ ಬಿಟ್ಟಿದ್ದೇನೆ. ಸುಮಾರು 260 ಕಿ.ಮೀ. ಫೈಬರಿಗೆ ಅದು 1.3 ಮಿಲಿಸೆಕೆಂಡ್ ಮಾತ್ರ, ಎರಡೂ ರೀತಿಗೆ ಒಂದೇ.

ಹಾಗಾದರೆ ಇನ್ನೂ ಸಣ್ಣದಾಗಿ ಕತ್ತರಿಸಬಹುದಲ್ಲ? ಇಲ್ಲೇ ಹುಷಾರಾಗಿರಬೇಕು. ಪ್ರತಿ ಪ್ಯಾಕೆಟ್ಟಿನ ತಲೆಯಲ್ಲೂ ವಿಳಾಸ, ಕ್ರಮಸಂಖ್ಯೆ ಮುಂತಾದವು ಇರುವ ಹೆಡರ್ ಬೇಕು. ಇಂಟರ್‌ನೆಟ್‌ನಲ್ಲಿ ಇದು ಸಾಮಾನ್ಯವಾಗಿ 40 ಬೈಟ್: ಐಪಿಗೆ 20, ಟಿಸಿಪಿಗೆ 20. ಹಾಗಾಗಿ 1,500 ಬೈಟಿನ ಪ್ಯಾಕೆಟ್ಟಿನಲ್ಲಿ ಫೋಟೊಗೆ ಸಿಗುವುದು 1,460. ಆಗ 1,028 ಪ್ಯಾಕೆಟ್ ಬೇಕಾಗುತ್ತವೆ, ಒಟ್ಟು ಸಮಯ ಸುಮಾರು 3.09 ಸೆಕೆಂಡ್. ಇದೇನೂ ದೊಡ್ಡ ನಷ್ಟವಲ್ಲ.

ಆದರೆ ಫೋಟೊವನ್ನು 100 ಬೈಟಿನ ತುಂಡು ಮಾಡಿ ನೋಡಿ. ಹೆಡರ್ ಸೇರಿ 140 ಬೈಟ್, 15,000 ಪ್ಯಾಕೆಟ್, ಒಂದಕ್ಕೆ 0.28 ಮಿಲಿಸೆಕೆಂಡ್. ಸೂತ್ರಕ್ಕೆ ಹಾಕಿದರೆ 4.2 ಸೆಕೆಂಡ್. 10 ಬೈಟಿನ ತುಂಡಾದರೆ ಒಂದೂವರೆ ಲಕ್ಷ ಪ್ಯಾಕೆಟ್, ಸಮಯ 15 ಸೆಕೆಂಡ್. ಇಡಿಯಾಗಿ ಕಳಿಸಿದ್ದಕ್ಕಿಂತಲೂ ನಿಧಾನ! ಹೊರಟ ಪ್ರತಿ 50 ಬೈಟಿನಲ್ಲಿ 40 ಬರೀ ಹೆಡರ್.

ನಮ್ಮ ಈ ದಾರಿಗೆ ಅತಿ ಒಳ್ಳೆಯ ತುಂಡು ಸುಮಾರು 4,470 ಬೈಟಿನದು, ಆಗ ಸಮಯ 3.05 ಸೆಕೆಂಡ್. 1,460ಕ್ಕೂ ಇದಕ್ಕೂ ವ್ಯತ್ಯಾಸ ತೀರಾ ಕಡಿಮೆ. ಈಥರ್‌ನೆಟ್ ಸಾಮಾನ್ಯವಾಗಿ ಒಂದು ಸಲಕ್ಕೆ 1,500 ಬೈಟ್‌ಗಿಂತ ಜಾಸ್ತಿ ಹೊರುವುದಿಲ್ಲವಾದ್ದರಿಂದ ಅಲ್ಲಿಗೇ ನಿಲ್ಲುವುದು ಸರಿ.

ಇನ್ನು ಎಲ್ಲ ಲಿಂಕೂ ಒಂದೇ ವೇಗದಲ್ಲಿ ಇಲ್ಲದಿದ್ದರೆ? ಹಿರಿಯೂರು–ತುಮಕೂರು ಲಿಂಕ್ ಮಾತ್ರ ಸೆಕೆಂಡಿಗೆ 10 ಲಕ್ಷ ಬಿಟ್ ಎನ್ನೋಣ. ಹೆಡರ್ ಬಿಟ್ಟು ಲೆಕ್ಕ ಹಾಕಿದರೆ, ಇಡಿಯಾಗಿ ಕಳಿಸಲು 3, 3, 12, 3 ಸೇರಿ 21 ಸೆಕೆಂಡ್. 1,000 ಪ್ಯಾಕೆಟ್ ಮಾಡಿದರೆ 12.009 ಸೆಕೆಂಡ್. ಆ 12 ಸೆಕೆಂಡನ್ನು ಎಷ್ಟು ಕತ್ತರಿಸಿದರೂ ಇಳಿಸಲಾಗದು. ಪ್ಯಾಕೆಟ್‌ಗಳು ಹಿರಿಯೂರಿನ ರೂಟರಿನಲ್ಲಿ ಸಾಲು ನಿಲ್ಲುತ್ತವೆ. ಅಲ್ಲಿನ ಮೆಮೊರಿ ತುಂಬಿದರೆ ಹೊಸದಾಗಿ ಬಂದವು ಬಿದ್ದುಹೋಗುತ್ತವೆ. ಆಗಲೂ ಮತ್ತೆ ಕಳಿಸಬೇಕಾದದ್ದು ಬಿದ್ದ ಪ್ಯಾಕೆಟ್‌ಗಳನ್ನು ಮಾತ್ರ, ಇಡೀ ಫೋಟೊವನ್ನಲ್ಲ.