ಬಾಕಿ ಉಳಿಸಿಕೊಂಡ ಕ್ಲೈಂಟ್‌ಗೆ ನೋಟಿಸ್: ದಿನ ಎಣಿಸುವಾಗ ಎಡವಬೇಡಿ

ಸಾಫ್ಟ್‌ವೇರ್ ಮೇಂಟೆನೆನ್ಸ್ ಮಾಡುವ ಗೆಳೆಯರಿಗೊಂದು ಮಾತು. ಕ್ಲೈಂಟ್ 80,000 ರೂಪಾಯಿ ಬಾಕಿ ಇಟ್ಟಾಗ ನಾನು ಸಿಟ್ಟಿನಲ್ಲಿ 'ಹದಿನೈದು ದಿನದಲ್ಲಿ ಕೊಡಿ, ಇಲ್ಲವಾದರೆ ಸೇವೆ ಬಂದ್' ಅಂತ ವಾಟ್ಸಾಪ್ ಹಾಕಿ, ಹದಿನಾರನೇ ದಿನ ಲಾಗಿನ್ ನಿಲ್ಲಿಸಿದೆ. ಒಪ್ಪಂದ ಮುರಿದವರು ನೀವೇ ಅಂತ ಅವರು ತಿರುಗಿಬಿದ್ದರು!

ಅವರು ಹೇಳಿದ್ದರಲ್ಲೂ ಹುರುಳಿತ್ತು. ನಮ್ಮ ಒಪ್ಪಂದದ ಪ್ರಕಾರ ನೋಟಿಸ್ ಲಿಖಿತವಾಗಿ ನೋಂದಾಯಿತ ವಿಳಾಸಕ್ಕೇ ಹೋಗಬೇಕಿತ್ತು, ಗಡುವು ಅದು ತಲುಪಿದ ದಿನದಿಂದ ಶುರು. ವಾಟ್ಸಾಪ್ ಲೆಕ್ಕಕ್ಕೇ ಬರಲಿಲ್ಲ.

ಎರಡನೇ ಸಲ ಹೀಗೆ ಬರೆದೆ: 'ಒಪ್ಪಂದದ ಕಲಂ 6.2ರಂತೆ ಇನ್‌ವಾಯ್ಸ್ ಬಂದ 30 ದಿನದೊಳಗೆ ಹಣ ಪಾವತಿಸಬೇಕಿತ್ತು. ಮಾರ್ಚ್ 3ರ ಇನ್‌ವಾಯ್ಸ್‌ನ 80,000 ರೂಪಾಯಿ ಬಾಕಿ ಇದೆ. ಈ ನೋಟಿಸ್ ತಲುಪಿದ 15 ದಿನದೊಳಗೆ ಪಾವತಿಸದಿದ್ದರೆ ಕಲಂ 11ರಂತೆ ಸೇವೆ ಸ್ಥಗಿತಗೊಳಿಸುತ್ತೇವೆ.' ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇಮೇಲ್ ಪ್ರತಿಯನ್ನೂ ಹಾಕಿ, ತಲುಪಿದ ದಿನಾಂಕದ ಟ್ರ್ಯಾಕಿಂಗ್ ಪುಟ ತೆಗೆದಿಟ್ಟುಕೊಂಡೆ.

ನಡುವೆ ಅವರು 20,000 ಹಾಕಿದರು. ಸುಮ್ಮನೆ ತಗೊಂಡರೆ ಗಡುವು ಸಡಿಲಿಸಿದಿರಿ ಅಂತ ವಾದ ಬರಬಹುದು. ಅದಕ್ಕೇ 'ಭಾಗಶಃ ಪಾವತಿ ಮಾತ್ರ, ನೋಟಿಸ್ ಜಾರಿಯಲ್ಲಿದೆ' ಅಂತ ಅದೇ ದಿನ ಉತ್ತರಿಸಿದೆ. ಉಳಿದದ್ದು ಹದಿಮೂರನೇ ದಿನ ಬಂತು.